ಶ್ವೇತಪತ್ರವನ್ನು ತಿದ್ದುವ ಬಗೆ

ಶ್ವೇತಪತ್ರ ಎಂಬ ಮಾತು ನಮ್ಮಲ್ಲಿ ಬಹುಮಂದಿಗೆ ವೃತ್ತಪತ್ರಿಕೆಗಳ ಮೂಲಕ ಪರಿಚಯವಾದದ್ದು. ಸರ್ಕಾರದ ಹಣಕಾಸಿನ ಸ್ಥಿತಿಯ ಮೇಲೋ ನೆರೆಯ ನಷ್ಟದ ಮೇಲೋ ಒಂದು ಶ್ವೇತಪತ್ರ ಹೊರಡಿಸಿರಿ ಎಂದು ಶಾಸನಸಭೆಯಲ್ಲಿ ವಿರೋಧಪಕ್ಷದವರು ಕೇಳುವುದುಂಟು. ಈ ಹೆಸರು ಹುಟ್ಟಿದ್ದು ಬ್ರಿಟಿಷ್ ಪಾರ್ಲಿಮೆಂಟಿನ ವ್ಯವಹಾರದಲ್ಲಿ. ಅಲ್ಲಿ ದಪ್ಪನಾದ ವರದಿಗಳಿಗೆ ನೀಲಿ ರಟ್ಟು ಹಾಕುತ್ತಿದ್ದರು. ಅವು ನೀಲಿ ಪುಸ್ತಕಗಳು. ರಟ್ಟು ಬೇಡದಷ್ಟು ತೆಳುವಾದವು ಬಿಳಿಯ ಕಾಗದದಲ್ಲೇ ಬರುತ್ತಿದ್ದವು. ಅವು ಬಿಳಿಯ ಪತ್ರಗಳು. 1922ರಲ್ಲಿ ಪ್ಯಾಲೆಸ್ಟೈನನ್ನು ಕುರಿತು ಹೊರಟ ಚರ್ಚಿಲ್ ಶ್ವೇತಪತ್ರ ಹೆಸರಾದದ್ದು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1948ರಲ್ಲಿ ಹೈದರಾಬಾದನ್ನು ಕುರಿತೂ 1950ರಲ್ಲಿ ದೇಶೀಯ ಸಂಸ್ಥಾನಗಳನ್ನು ಕುರಿತೂ ಭಾರತ ಸರ್ಕಾರ ಶ್ವೇತಪತ್ರಗಳನ್ನು ಹೊರಡಿಸಿತು.

ಈ ಪತ್ರಗಳೂ ಪಕ್ಷಪಾತವಿಲ್ಲದವೇನೂ ಅಲ್ಲ. ಸರ್ಕಾರ ಅವುಗಳಲ್ಲಿ ತನ್ನ ಕಡೆಯ ವಾದವನ್ನೇ ಹೇಳಿಕೊಂಡಿತು. ಆದರೆ ವಾದದ ಜೊತೆಗೇ ಅದಕ್ಕೆ ಆಧಾರವಾದ ಒಪ್ಪಂದಗಳು, ಕಾಗದಗಳು, ಅಂಕಿ-ಅಂಶಗಳು ಅಚ್ಚಾದವು. ಓದಿದವನು ಬೇಕಾದರೆ ಅವುಗಳನ್ನೇ ಹಿಡಿದು ಬೇರೊಂದು ತೀರ್ಮಾನಕ್ಕೆ ಬರಬಹುದಾಗಿತ್ತು. ತನ್ನ ಮಾತನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನೂ ಓದುಗನ ಕೈಗೆ ಕೊಡುವುದು ಇಂಥ ಪತ್ರದ ಲಕ್ಷಣ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯಂತ್ರ, ಕಂಪ್ಯೂಟರು, ವಿದ್ಯುತ್ ಸಲಕರಣೆಗಳ ಕಂಪನಿಗಳು ಈ ಹೆಸರನ್ನು ತಮ್ಮ ವ್ಯವಹಾರಕ್ಕೆ ಎರವಲು ತಂದವು. ಇಂದು ಬೆಂಗಳೂರಿನಲ್ಲಿ ಒಂದು ತಂತ್ರಜ್ಞಾನದ ಕಂಪನಿ ಹೊಸ ಸರಕನ್ನು ಹೊರತಂದಿತೆಂದರೆ ಅದರ ಬೆನ್ನಿಗೇ ಒಂದು ವೈಟ್ ಪೇಪರ್ ಹೊರಡುತ್ತದೆ. ಹೆಸರಿನೊಡನೆ ಲಕ್ಷಣವೂ ಬಂದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಬಹಳ ಸಲ ಬರುವುದು ಜಾಹೀರಾತೇ. ಪುಟಗಳು ಹೆಚ್ಚು, ಚಿತ್ರಗಳು ಕಡಮೆ, ಅಷ್ಟೇ ವ್ಯತ್ಯಾಸ. ಅಂಥದೊಂದು ಪತ್ರ ತಿದ್ದುವುದಕ್ಕೆಂದು ನಿಮ್ಮ ಕೈಗೆ ಬಂದಿದೆಯೆಂದು ಇಟ್ಟುಕೊಳ್ಳಿ. ನೀವು ಕಂಪನಿಯ ನೌಕರರಾಗಿರಬಹುದು, ಕೂಲಿಗೆ ಬರೆದುಕೊಡುವವರಾಗಿರಬಹುದು. ಅದನ್ನು ಮೊದಲು ತಿಳಿಸುವ, ಆಮೇಲೆ ಮಾರುವ ಪತ್ರವನ್ನಾಗಿ ಮಾಡುವುದು ಹೇಗೆ ಎಂಬುದೇ ಈ ಮಾತಿನ ವಿಷಯ.

ಬರಿಯ ತತ್ತ್ವ ಹೇಳಿದರೆ ಪ್ರಯೋಜನವಿಲ್ಲವಾದ್ದರಿಂದ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಒಂದು ಕಂಪನಿ ಕರೆಂಟು ಹೋದಾಗ ಸಣ್ಣ ಕಚೇರಿಗಳನ್ನು ನಡೆಸುವ ಲಿಥಿಯಂ ಬ್ಯಾಟರಿಯನ್ನು ತಯಾರಿಸುತ್ತದೆ. ಇನ್ವರ್ಟರಿನ ಪಕ್ಕದಲ್ಲಿ ನಾವೆಲ್ಲ ನೋಡಿರುವ ಸೀಸ-ಆಮ್ಲದ ಬ್ಯಾಟರಿಯ ಜಾಗಕ್ಕೆ ಇದನ್ನು ತರಬೇಕೆಂಬುದು ಅದರ ಆಸೆ. ಪತ್ರದ ಮೊದಲ ಕರಡು ಹೀಗೆ ಆರಂಭವಾಗುತ್ತದೆ:

“ಇಂದಿನ ವೇಗದ ಯುಗದಲ್ಲಿ ವಿದ್ಯುತ್ತಿನ ಅಡಚಣೆ ಯಾವ ಸಂಸ್ಥೆಗೂ ಸಹ್ಯವಲ್ಲ. ದಶಕಗಳ ಅನುಭವವುಳ್ಳ ನಮ್ಮ ಕಂಪನಿಯು ಹೊರತಂದಿರುವ ಕ್ರಾಂತಿಕಾರಕ ಲಿಥಿಯಂ ಬ್ಯಾಟರಿಯು ಹಳೆಯ ಸೀಸದ ಬ್ಯಾಟರಿಗಳ ಎಲ್ಲ ತೊಂದರೆಗಳಿಗೂ ಶಾಶ್ವತ ಪರಿಹಾರವಾಗಿದೆ. 4000 ಸುತ್ತುಗಳ ಆಯುಸ್ಸುಳ್ಳ ಈ ಬ್ಯಾಟರಿಯಿಂದ ಹತ್ತು ವರ್ಷಗಳಲ್ಲಿ ಶೇಕಡ 30ಕ್ಕೂ ಮಿಕ್ಕ ಉಳಿತಾಯ ಖಚಿತ. ಸಾವಿರಾರು ಗ್ರಾಹಕರು ಈಗಾಗಲೇ ನಮ್ಮನ್ನು ಆರಿಸಿಕೊಂಡಿದ್ದಾರೆ.”

ತಿದ್ದುವವನು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪೆನ್ಸಿಲು. ಒಂದೊಂದು ವಾಕ್ಯಕ್ಕೂ ಮೂರರಲ್ಲಿ ಒಂದು ಗುರುತು ಹಾಕುತ್ತ ಹೋಗಬೇಕು. ಓದುಗನು ತಾನೇ ಪರೀಕ್ಷಿಸಿ ನೋಡಬಹುದಾದ ಮಾತಿಗೆ ನೇರವಾದ ಗೆರೆ. ನಿಜವಿದ್ದರೂ ಯಾವುದೋ ಷರತ್ತಿನ ಮೇಲೆ ನಿಂತಿರುವ ಮಾತಿಗೆ ಅಲೆಅಲೆಯಾದ ಗೆರೆ. ಬರಿಯ ಹೊಗಳಿಕೆಗೆ ಅಡ್ಡಗೀಟು. ಮೇಲಿನ ನಾಲ್ಕು ವಾಕ್ಯಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತಿರುವ ಮಾತು; ಅಡ್ಡಗೀಟು. ಎರಡನೆಯದು ಹೊಗಳಿಕೆ, ಅಡ್ಡಗೀಟು. ನಾಲ್ಕನೆಯದು ಲೆಕ್ಕಪುಸ್ತಕ ತೋರಿಸಿ ಸಿದ್ಧಪಡಿಸಬಹುದಾದ ಮಾತೇ. ಆದರೆ ಓದುಗನ ಕಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ, ಕೊನೆಯ ಪುಟಕ್ಕೆ ಹೋಗಲಿ. ಉಳಿಯುವುದು ಮೂರನೆಯ ವಾಕ್ಯ. ಅದರಲ್ಲಿ ಎರಡು ಅಂಕಿಗಳಿವೆ. ಎರಡರ ಕೆಳಗೂ ಅಲೆಗೆರೆ ಬೀಳುತ್ತದೆ.

ಈ ಕೆಲಸದಲ್ಲಿ ಹೊಸಬರು ಅಡ್ಡಗೀಟು ಹಾಕಿದ ಮಾತುಗಳನ್ನು ತೆಗೆದುಹಾಕಿ, ಪತ್ರ ತಿದ್ದಿಯಾಯಿತೆಂದು ತಿಳಿದುಬಿಡುತ್ತಾರೆ. “ಕ್ರಾಂತಿಕಾರಕ” ಹೋಯಿತು, “ಶಾಶ್ವತ” ಹೋಯಿತು, ಭಾಷೆ ತಣ್ಣಗಾಯಿತು. ಇದು ಅಷ್ಟು ದೊಡ್ಡ ಲಾಭವಲ್ಲ. ಹೊಗಳಿಕೆಯಿಂದ ಮೋಸಹೋಗುವವರು ಕಡಮೆ. ಅದು ಜಾಹೀರಾತಿನ ಮಾತೆಂದು ಓದುವವನಿಗೆ ಗೊತ್ತೇ ಇರುತ್ತದೆ. ಪತ್ರದ ನಿಜವಾದ ರೋಗವಿರುವುದು ಅಲೆಗೆರೆಯ ಮಾತುಗಳಲ್ಲಿ. ಶೇಕಡ 30 ಉಳಿತಾಯ ಎಂಬುದು ಸುಳ್ಳಲ್ಲ. ಯಾವ ಷರತ್ತಿನಲ್ಲಿ ನಿಜ ಎಂಬುದನ್ನು ಮಾತ್ರ ಹೇಳಿಲ್ಲ. ತಿದ್ದುವವನ ಕೆಲಸವೆಂದರೆ ಮುಖ್ಯವಾಗಿ ಆ ಷರತ್ತನ್ನು ಹುಡುಕಿ ಹೊರಗೆ ತರುವುದು.

ಅದಕ್ಕೆ ಮೊದಲು ಪತ್ರವನ್ನು ಓದುವವನು ಯಾರು ಎಂದು ಗೊತ್ತುಮಾಡಿಕೊಳ್ಳಬೇಕು. “ಎಲ್ಲ ಗ್ರಾಹಕರು” ಎಂಬ ಉತ್ತರ ಬೇಡ. ಒಬ್ಬನೇ ಮನುಷ್ಯನನ್ನು ಕಣ್ಣೆದುರಿಗೆ ನಿಲ್ಲಿಸಿಕೊಳ್ಳಿ. ಒಂದು ಹೋಬಳಿಯ ಸಹಕಾರ ಸಂಘದ ಕಾರ್ಯದರ್ಶಿ ಎನ್ನೋಣ. ಎರಡು ಕಂಪ್ಯೂಟರು, ನಾಲ್ಕು ದೀಪ, ಎರಡು ಫ್ಯಾನು ಇರುವ ಕಚೇರಿ. ಹಳೆಯ ಬ್ಯಾಟರಿ ಸತ್ತಿದೆ. ಹೊಸದಕ್ಕೆ ಹಣ ಕೇಳಿ ಆತ ಆಡಳಿತ ಮಂಡಲಿಯ ಮುಂದೆ ಒಂದು ಟಿಪ್ಪಣಿ ಇಡಬೇಕು. “ಕಡಮೆ ಬೆಲೆಯದು ಇರುವಾಗ ಇದೇಕಯ್ಯ?” ಎಂದು ನಿರ್ದೇಶಕರೊಬ್ಬರು ಕೇಳುತ್ತಾರೆ, ವರ್ಷದ ಕೊನೆಗೆ ಲೆಕ್ಕಪರಿಶೋಧಕರೂ ಕೇಳುತ್ತಾರೆ. ಖರ್ಚಾಗುವುದು ಸದಸ್ಯರ ಹಣ, ಉತ್ತರ ಹೇಳಬೇಕಾದವನು ಆತ. ನಿಮ್ಮ ಪತ್ರದಿಂದ ಆತ ಏನನ್ನು ತನ್ನ ಟಿಪ್ಪಣಿಗೆ ಇಳಿಸಿಕೊಳ್ಳಬಲ್ಲ? ಮೊದಲ ಕರಡಿನಿಂದ ಒಂದು ಸಾಲನ್ನೂ ಇಳಿಸಿಕೊಳ್ಳಲಾರ. “ಕ್ರಾಂತಿಕಾರಕವಾದ್ದರಿಂದ ಕೊಳ್ಳಬಹುದು” ಎಂದು ಯಾವ ಕಾರ್ಯದರ್ಶಿಯೂ ಬರೆಯುವುದಿಲ್ಲ.

ಆತನಿಗೆ ಬೇಕಾದದ್ದು ನಾಲ್ಕು ಪ್ರಶ್ನೆಗಳು ಮತ್ತು ಅವುಗಳಿಂದ ಉತ್ತರಕ್ಕೆ ಹೋಗುವ ದಾರಿ. ಕರೆಂಟು ಹೋದಾಗ ಎಷ್ಟು ವಾಟ್ ನಡೆಯಬೇಕು? ಒಂದು ಸಲ ಹೋದರೆ ಎಷ್ಟು ಹೊತ್ತು ಹೋಗುತ್ತದೆ? ವರ್ಷಕ್ಕೆ ಎಷ್ಟು ಸಲ ಹೋಗುತ್ತದೆ? ಬ್ಯಾಟರಿ ಇಡುವ ಕೋಣೆ ಎಷ್ಟು ಬಿಸಿ? ತಿದ್ದಿದ ಪತ್ರ ಈ ನಾಲ್ಕರಿಂದ ಆರಂಭವಾಗಬೇಕು. ಕಂಪನಿಯ ಬ್ಯಾಟರಿಯ ಹೆಸರು ಇನ್ನೂ ಬರಕೂಡದು. ಆದರೆ ಪತ್ರವನ್ನು ಹೊರಡಿಸಿದವರು ಯಾರು, ಅವರು ಏನನ್ನು ಮಾರುತ್ತಾರೆ ಎಂಬ ಒಂದು ವಾಕ್ಯ ಮೊದಲ ಪುಟದಲ್ಲೇ ಇರಬೇಕು. ಪ್ರಚಾರವನ್ನು ಹಿಂದಕ್ಕೆ ಹಾಕುವುದೆಂದರೆ ಪ್ರಚಾರಕನನ್ನು ಬಚ್ಚಿಡುವುದೆಂದು ಅರ್ಥವಲ್ಲ.

ಈಗ ಲೆಕ್ಕವನ್ನು ಮಾಡಿ ನೋಡೋಣ. ಕಚೇರಿಯ ಭಾರ 300 ವಾಟ್, ಕರೆಂಟು ಹೋದರೆ ಎರಡು ಗಂಟೆ ಎಂದಿಟ್ಟುಕೊಂಡರೆ 600 ವಾಟ್-ಗಂಟೆ ಬೇಕು. ಇನ್ವರ್ಟರಿನಲ್ಲಿ ಕಳೆದುಹೋಗುವುದು ನೂರಕ್ಕೆ ಹದಿನೈದು ಎಂದು ಹಿಡಿದರೆ ಬ್ಯಾಟರಿಯಿಂದ ಸುಮಾರು 700 ಹೊರಡಬೇಕು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಸೀಸದ ಬ್ಯಾಟರಿ 12 ವೋಲ್ಟು, 150 ಆಂಪಿಯರ್-ಗಂಟೆಯದು. ಗುಣಿಸಿದರೆ 1800 ವಾಟ್-ಗಂಟೆ. ಧಾರಾಳವಾಯಿತಲ್ಲ ಎನ್ನಿಸುತ್ತದೆ.

ಆದರೆ ಆ 150 ಎಂಬ ಅಂಕಿಗೂ ಒಂದು ಷರತ್ತುಂಟು. ಇನ್ವರ್ಟರಿನ ಬ್ಯಾಟರಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ಲೆಕ್ಕ; ಏಳೂವರೆ ಆಂಪಿಯರಿನಂತೆ ನಿಧಾನವಾಗಿ ಇಪ್ಪತ್ತು ಗಂಟೆ ತೆಗೆದರೆ 150 ಸಿಕ್ಕುತ್ತದೆ ಎಂದು ಅರ್ಥ. ನಮ್ಮ ಕಚೇರಿ ತೆಗೆಯುವುದು ಸುಮಾರು 29 ಆಂಪಿಯರು, ಹತ್ತಿರಹತ್ತಿರ ನಾಲ್ಕು ಪಟ್ಟು ವೇಗ. ಸೀಸದ ಬ್ಯಾಟರಿಯಿಂದ ಬೇಗಬೇಗ ತೆಗೆದಷ್ಟೂ ಸಿಕ್ಕುವ ಮೊತ್ತ ಕಡಮೆ ಎಂಬ ನಿಯಮವನ್ನು ಜರ್ಮನಿಯ ಪಾಯ್ಕರ್ಟ್ ಎಂಬಾತ 1897ರಲ್ಲೇ ಕಂಡುಕೊಟ್ಟಿದ್ದಾನೆ. ಈ ವೇಗದಲ್ಲಿ ಮುಕ್ಕಾಲು ಪಾಲು, ಎಂದರೆ 1350 ಸಿಕ್ಕೀತೆಂದು ಹಿಡಿಯೋಣ. ನಮಗೆ ಬೇಕಾದ 700 ಅದರಲ್ಲಿ ಅರ್ಧಕ್ಕೆ ಸ್ವಲ್ಪ ಹೆಚ್ಚು. ಸೀಸದ ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಖಾಲಿ ಮಾಡುತ್ತ ಬಂದರೆ ಪೂರ್ತಿ ಖಾಲಿ ಮಾಡುವುದಕ್ಕಿಂತ ಬಹಳ ಹೆಚ್ಚು ಸಲ ಬಾಳುತ್ತದೆ. ಆದ್ದರಿಂದ ಆಯ್ಕೆ ಸರಿಯಾಗಿಯೇ ಇದೆ. ಲಿಥಿಯಂ ಬ್ಯಾಟರಿಗೆ ಈ ವೇಗದ ಕಷ್ಟ ಬಹಳ ಕಡಮೆ. 100 ಆಂಪಿಯರ್-ಗಂಟೆಯದು ಇದೇ ಕೆಲಸಕ್ಕೆ ಸಾಕು.

ಇಷ್ಟನ್ನು ಹೇಳಿದ ಮೇಲೆ ಸುತ್ತಿನ ಮಾತಿಗೆ ಬರೋಣ. ಬ್ಯಾಟರಿಯನ್ನು ಒಂದು ಸಲ ಖಾಲಿ ಮಾಡಿ ಮತ್ತೆ ತುಂಬಿಸಿದರೆ ಅದು ಒಂದು ಸುತ್ತು. ತಯಾರಕರು ಸೀಸದ್ದಕ್ಕೆ ಈ ಆಳದಲ್ಲಿ 1000 ಸುತ್ತು, ಲಿಥಿಯಮ್ಮಿಗೆ 4000 ಸುತ್ತು ಎಂದು ಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ಸೀಸದ್ದರ ಬೆಲೆ 16,000 ರೂಪಾಯಿ, ಲಿಥಿಯಮ್ಮಿನದು 40,000 ರೂಪಾಯಿ. ಇವು ಲೆಕ್ಕಕ್ಕಾಗಿ ಹಿಡಿದ ಬೆಲೆಗಳು. ಓದುಗ ತನ್ನ ಊರಿನ ಬೆಲೆಯನ್ನು ಹಾಕಿಕೊಳ್ಳಬೇಕು. ಕರೆಂಟು ದಿನವೂ ಒಂದು ಸಲ ಹೋಗುವ ಊರಿನಲ್ಲಿ ವರ್ಷಕ್ಕೆ 365 ಸುತ್ತು. ಸೀಸದ್ದು ಎರಡೂಮುಕ್ಕಾಲು ವರ್ಷ ಬಾಳುತ್ತದೆ; ವರ್ಷಕ್ಕೆ ಬೀಳುವ ಖರ್ಚು ಸುಮಾರು 5,800 ರೂಪಾಯಿ. ಲಿಥಿಯಮ್ಮಿನದು ಸುತ್ತಿನ ಲೆಕ್ಕದಲ್ಲಿ ಹನ್ನೊಂದು ವರ್ಷ ಬರಬೇಕು. ಹತ್ತೇ ಎಂದು ಹಿಡಿದರೂ ವರ್ಷಕ್ಕೆ 4,000 ರೂಪಾಯಿ. ಹತ್ತು ವರ್ಷಕ್ಕೆ 58,000ಕ್ಕೆ ಎದುರಾಗಿ 40,000. ಉಳಿತಾಯ 18,000, ನೂರಕ್ಕೆ ಮೂವತ್ತೊಂದು. ಕರಡಿನ ಶೇಕಡ 30 ಬಂದದ್ದು ಇಲ್ಲಿಂದ.

ಇನ್ನು ಕರೆಂಟು ವಾರಕ್ಕೆ ಒಂದೇ ಸಲ ಹೋಗುವ ಊರನ್ನು ತೆಗೆದುಕೊಳ್ಳಿ. ವರ್ಷಕ್ಕೆ 52 ಸುತ್ತು. ಲಿಥಿಯಮ್ಮಿನ 4000 ಸುತ್ತು ಮುಗಿಯಲು ಎಪ್ಪತ್ತೇಳು ವರ್ಷ ಬೇಕು! ಸೀಸದ್ದಕ್ಕೂ ಹತ್ತೊಂಬತ್ತು ವರ್ಷ ಬೇಕು. ಯಾವ ಬ್ಯಾಟರಿಯೂ ಅಷ್ಟು ಕಾಲ ಇರುವುದಿಲ್ಲ. ಉಪಯೋಗಿಸಲಿ ಬಿಡಲಿ, ಒಳಗಿನ ರಾಸಾಯನಿಕ ಕ್ರಿಯೆಗಳಿಂದ ಬ್ಯಾಟರಿಗೆ ವಯಸ್ಸಾಗುತ್ತ ಹೋಗುತ್ತದೆ. ಹೀಗೆ ಬರಿಯ ವಯಸ್ಸಿನಿಂದ ಸೀಸದ್ದು ಐದು ವರ್ಷಕ್ಕೂ ಲಿಥಿಯಮ್ಮಿನದು ಹತ್ತು ವರ್ಷಕ್ಕೂ ಮುಗಿಯುತ್ತದೆಂದು ಹಿಡಿದರೆ, ಸೀಸದ್ದಕ್ಕೆ ವರ್ಷಕ್ಕೆ 3,200 ರೂಪಾಯಿ, ಲಿಥಿಯಮ್ಮಿಗೆ ಮೊದಲಿನಂತೆ 4,000. ಈ ಊರಿನ ಕಾರ್ಯದರ್ಶಿ ಕರಡನ್ನು ನಂಬಿ ಕೊಂಡರೆ ಹತ್ತು ವರ್ಷದಲ್ಲಿ ಸಂಘಕ್ಕೆ 8,000 ರೂಪಾಯಿ ನಷ್ಟ. ಅದೇ ಬ್ಯಾಟರಿ, ಅದೇ ಬೆಲೆ, ಅದೇ 4000 ಸುತ್ತು. ಬದಲಾದದ್ದು ಕರೆಂಟು ಹೋಗುವ ಸಂಖ್ಯೆ ಒಂದೇ. ಕರಡಿನಲ್ಲಿ ಇಲ್ಲದಿದ್ದ ಷರತ್ತು ಅದೇ.

ಹಾಗಾದರೆ ಗೆರೆ ಎಳೆಯುವುದೆಲ್ಲಿ? ಸೀಸದ ಬ್ಯಾಟರಿ ನಾಲ್ಕು ವರ್ಷ ಬಾಳಿದರೆ ಅದರ ಖರ್ಚೂ ವರ್ಷಕ್ಕೆ 4,000 ಆಗಿ ಎರಡೂ ಸರಿಸಮವಾಗುತ್ತವೆ. 1000 ಸುತ್ತನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 250, ಎಂದರೆ ವಾರಕ್ಕೆ ಹೆಚ್ಚುಕಡಮೆ ಐದು ಸಲ. ಅದಕ್ಕಿಂತ ಹೆಚ್ಚಾಗಿ ಕರೆಂಟು ಹೋಗುವ ಕಡೆ ಲಿಥಿಯಂ ಅಗ್ಗ. ಅದಕ್ಕಿಂತ ಕಡಮೆ ಹೋಗುವ ಕಡೆ ಸೀಸ ಅಗ್ಗ. ಹಳೆಯ ಸೀಸದ ಬ್ಯಾಟರಿಗೆ ಬರುವ ಗುಜರಿ ಬೆಲೆಯನ್ನು ಸೇರಿಸಿದರೆ ಗೆರೆ ಸ್ವಲ್ಪ ಒಂದು ಕಡೆಗೂ, ಅದಕ್ಕೆ ಡಿಸ್ಟಿಲ್ಡ್ ನೀರು ಹಾಕಿ ನೋಡಿಕೊಳ್ಳುವ ಖರ್ಚನ್ನು ಸೇರಿಸಿದರೆ ಸ್ವಲ್ಪ ಇನ್ನೊಂದು ಕಡೆಗೂ ಸರಿಯುತ್ತದೆ. ಆದರೆ ಒಂದು ಗೆರೆ ಇದೆ ಎಂಬುದೂ ಅದನ್ನು ತನ್ನ ಅಂಕಿಗಳಿಂದ ತಾನೇ ಕಂಡುಕೊಳ್ಳಬಹುದೆಂಬುದೂ ಓದುಗನಿಗೆ ತಿಳಿಯಿತು. ಅವನು ನಾಲ್ಕು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಕರೆಂಟು ಹೋದ ದಿನಗಳಿಗೆ ಗುರುತು ಹಾಕಿದರೆ ಸಾಕು, ಟಿಪ್ಪಣಿ ಬರೆಯಬಲ್ಲ.

ಈ ಲೆಕ್ಕವನ್ನೆಲ್ಲ ಹೇಳಿದ್ದು ನಿಮಗೆ ಬ್ಯಾಟರಿಯ ವಿದ್ಯೆಯನ್ನು ಕಲಿಸುವುದಕ್ಕಲ್ಲ. ತಿದ್ದಿದ ಪತ್ರದ ನಡುಭಾಗದಲ್ಲಿ ಏನಿರಬೇಕೆಂದು ತೋರಿಸುವುದಕ್ಕೆ. ಕರಡಿನ ಮೂರನೆಯ ವಾಕ್ಯವನ್ನು ಈಗ ತಿರುಗಿ ಬರೆಯಬಹುದು: “ಕರೆಂಟು ವಾರಕ್ಕೆ ಐದು ಸಲಕ್ಕಿಂತ ಹೆಚ್ಚಾಗಿ, ಸಲಕ್ಕೆ ಸುಮಾರು ಎರಡು ಗಂಟೆ ಹೋಗುವ ಕಚೇರಿಯಲ್ಲಿ ಲಿಥಿಯಂ ಬ್ಯಾಟರಿಯ ವಾರ್ಷಿಕ ಖರ್ಚು ಸೀಸದ್ದಕ್ಕಿಂತ ಕಡಮೆಯಾಗುತ್ತದೆ, ದಿನವೂ ಹೋಗುವ ಕಡೆ ಹತ್ತು ವರ್ಷಕ್ಕೆ ಉಳಿತಾಯ ಸುಮಾರು ಶೇಕಡ 30. ಕರೆಂಟು ಹೋಗುವುದು ಇದಕ್ಕಿಂತ ವಿರಳವಾಗಿದ್ದರೆ ಸೀಸದ ಬ್ಯಾಟರಿಯೇ ಮಿತವ್ಯಯದ್ದು. ಲೆಕ್ಕದ ಕ್ರಮ ಮುಂದಿನ ಪುಟದಲ್ಲಿದೆ.” ಹಳೆಯ ವಾಕ್ಯದ ಶೇಕಡ 30 ಇಲ್ಲಿಯೂ ಇದೆ. ಆದರೆ ಈಗ ಅದನ್ನು ಯಾರು ಬೇಕಾದರೂ ಹಿಡಿದು ಅಳೆಯಬಹುದು.

ಇಲ್ಲಿ ಎರಡು ತಪ್ಪುಗಳು ನುಸುಳುವುದುಂಟು. ಮೊದಲನೆಯದು, ತಿಳಿಸುವವನ ವೇಷ ಹಾಕಿಕೊಂಡು ಅಳತೆಗೋಲನ್ನೇ ಬಾಗಿಸುವುದು. ಸೀಸದ ಬ್ಯಾಟರಿಗೆ ಬಿಸಿಲು ಶತ್ರು. 25 ಡಿಗ್ರಿಯಿಂದ ಮೇಲೆ ಹತ್ತು ಹತ್ತು ಡಿಗ್ರಿ ಏರಿದಂತೆ ಅದರ ಆಯುಸ್ಸು ಸುಮಾರು ಅರ್ಧರ್ಧವಾಗುತ್ತದೆಂಬುದು ಈ ಕಸುಬಿನವರ ರೂಢಿಯ ಲೆಕ್ಕ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹಗಲು 40 ಡಿಗ್ರಿ ದಾಟುವುದರಿಂದ ಈ ಮಾತನ್ನು ಹೇಳಲೇಬೇಕು. ಮಡಿಕೇರಿಯ ಕಚೇರಿಗೂ ರಾಯಚೂರಿನ ಕಚೇರಿಗೂ ಒಂದೇ ಉತ್ತರ ಬರುವುದಿಲ್ಲ. ಆದರೆ ಲಿಥಿಯಂ ಬ್ಯಾಟರಿಗೂ ಬಿಸಿಯಲ್ಲಿ ಬೇಗ ವಯಸ್ಸಾಗುತ್ತದೆ. ಪತ್ರದ ಕೋಷ್ಟಕದಲ್ಲಿ ಸೀಸದ್ದನ್ನು 35 ಡಿಗ್ರಿಯ ಕೋಣೆಯಲ್ಲಿಟ್ಟು ಲಿಥಿಯಮ್ಮಿಗೆ 25 ಡಿಗ್ರಿಯ ಪ್ರಯೋಗಶಾಲೆಯ ಅಂಕಿ ಕೊಟ್ಟರೆ, ಎರಡು ಅಂಕಿಗಳೂ ನಿಜವೇ, ಹೋಲಿಕೆ ಮಾತ್ರ ಸುಳ್ಳು. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ಕೋಷ್ಟಕದ ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಎಷ್ಟು ಡಿಗ್ರಿಯಲ್ಲಿ, ಎಷ್ಟು ಆಳದಲ್ಲಿ, ಎಷ್ಟು ವೇಗದಲ್ಲಿ ಎಂದು ಬರೆಯಿರಿ. ಎರಡು ಕಡೆಯ ಷರತ್ತುಗಳು ಬೇರೆಯಾಗಿದ್ದರೆ ತಾನಾಗಿ ಕಣ್ಣಿಗೆ ಬೀಳುತ್ತದೆ.

ಎರಡನೆಯ ತಪ್ಪು ಇದರ ತಿರುಗುಮುರುಗು. ಪ್ರಚಾರ ಬೇಡವೆಂದೊಡನೆ ಪತ್ರ ಇಂಜಿನಿಯರರ ಕೈಗೆ ಹೋಗುತ್ತದೆ. ಅವರು ತಮಗೆ ಗೊತ್ತಿದ್ದುದನ್ನೆಲ್ಲ ಅದರಲ್ಲಿ ತುಂಬುತ್ತಾರೆ. ಧನಧ್ರುವದ ರಸಾಯನಶಾಸ್ತ್ರ, ಹನ್ನೆರಡು ರೇಖಾಚಿತ್ರ, ಮೂವತ್ತು ಸಾಲಿನ ಕೋಷ್ಟಕ. ಕಾರ್ಯದರ್ಶಿಗೆ ಈಗಲೂ ಟಿಪ್ಪಣಿ ಬರೆಯಲು ಬರುವುದಿಲ್ಲ. ಮೊದಲು ಹೊಗಳಿಕೆಯಲ್ಲಿ ದಾರಿ ತಪ್ಪಿದ್ದ, ಈಗ ಅಂಕಿಗಳಲ್ಲಿ ತಪ್ಪುತ್ತಾನೆ. ಒಂದು ವಿಷಯ ಪತ್ರದಲ್ಲಿ ಇರಬೇಕೆ ಬೇಡವೆ ಎಂಬುದಕ್ಕೆ ಒಂದೇ ಪರೀಕ್ಷೆ: ಇದು ತಿಳಿದರೆ ಓದುಗನ ತೀರ್ಮಾನ ಬದಲಾಗಬಹುದೆ? ಪಾಯ್ಕರ್ಟನ ನಿಯಮ ಬದಲಾಯಿಸುತ್ತದೆ; 1800 ಎಂದು ತಿಳಿದದ್ದು 1350 ಆಗುತ್ತದೆ, ಇರಲಿ. ಧನಧ್ರುವದ ಹರಳಿನ ರಚನೆ ಬದಲಾಯಿಸುವುದಿಲ್ಲ, ಹೋಗಲಿ.

ಇನ್ನು ಮಾರಾಟದ ವಿಭಾಗದವರ ಆಕ್ಷೇಪಣೆ. ತಿದ್ದಿದ ಪತ್ರವನ್ನು ನೋಡಿದ ಕೂಡಲೆ ಅವರು ಕೇಳುವುದು ಹೀಗೆ: “ವಾರಕ್ಕೊಮ್ಮೆ ಕರೆಂಟು ಹೋಗುವವರು ನಮ್ಮದನ್ನು ಕೊಳ್ಳಬೇಡಿ ಎಂದು ನಾವೇ ಅಚ್ಚುಹಾಕಿಸಿ ಹಂಚಬೇಕೆ?” ಇದು ತಳ್ಳಿಹಾಕುವ ಪ್ರಶ್ನೆಯಲ್ಲ, ಅವರ ಸಂಬಳ ನಡೆಯುವುದೇ ಮಾರಾಟದಿಂದ. ಇದಕ್ಕೆ ಧರ್ಮದ ಉತ್ತರ ಒಂದಿದ್ದರೂ ವ್ಯಾಪಾರದ ಉತ್ತರವೇ ಇಲ್ಲಿ ಸಾಕು. ವಾರಕ್ಕೊಮ್ಮೆ ಕರೆಂಟು ಹೋಗುವವನು ಮಂಡಲಿಯ ಮುಂದೆ ಬೆಲೆಪಟ್ಟಿ ಇಟ್ಟ ದಿನವೇ ಹಿಂದೆಗೆಯುತ್ತಾನೆ. 16,000ಕ್ಕೂ 40,000ಕ್ಕೂ ಇರುವ ಅಂತರ ಎಲ್ಲರಿಗೂ ಕಾಣುತ್ತದೆ. ಅವನನ್ನು ಕಳೆದುಕೊಂಡದ್ದು ಪತ್ರದಿಂದಲ್ಲ. ದಿನವೂ ಹೋಗುವ ಊರಿನವನಿಗಾದರೋ ಅದೇ ಅಂತರ ಅಡ್ಡಿಯಾಗಿ ನಿಂತಿದೆ. ಆ ಅಡ್ಡಿಯನ್ನು ದಾಟಲು ಅವನಿಗೆ ಬೇಕಾದದ್ದು ಮಂಡಲಿಯವರು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದಾದ ಲೆಕ್ಕ. ನಿಮಗೆ ವಿರುದ್ಧವಾದ ಉತ್ತರವನ್ನೂ ಕೊಡಬಲ್ಲ ಲೆಕ್ಕವಾದ್ದರಿಂದಲೇ ಅದು ನಿಮ್ಮ ಪರವಾದ ಉತ್ತರ ಕೊಟ್ಟಾಗ ಮಂಡಲಿ ಅದನ್ನು ಒಪ್ಪುತ್ತದೆ.

ಹಾಗಾದರೆ ಪ್ರಚಾರಕ್ಕೆ ಸ್ಥಳವೇ ಇಲ್ಲವೆ? ಇದೆ, ಅದು ಕೊನೆಯ ಒಂದೆರಡು ಪುಟಗಳಲ್ಲಿದೆ, ಮತ್ತು ಅಲ್ಲಿ ಸಂಕೋಚಪಡಬೇಕಾಗಿಲ್ಲ. ಹತ್ತು ಪುಟದ ಪತ್ರವಾದರೆ ಮೊದಲ ಎಂಟರಲ್ಲಿ ಕಷ್ಟ, ಅದರ ಕಾರಣ, ಇರುವ ದಾರಿಗಳು, ಆರಿಸುವ ಲೆಕ್ಕ, ಮಿತಿಗಳು. ಒಂಬತ್ತನೆಯ ಪುಟದಲ್ಲಿ ನಮ್ಮ ಬ್ಯಾಟರಿ ಎಂದು ಹೆಸರು ಹಿಡಿದು ಹೇಳಬಹುದು. ಆದರೆ ಹೊಸದಾಗಿ ಹೊಗಳಿಕೆ ಆರಂಭಿಸಕೂಡದು. ಎಂಟು ಪುಟಗಳಲ್ಲಿ ಓದುಗನಿಗೆ ಯಾವ ಪ್ರಶ್ನೆಗಳನ್ನು ಕಲಿಸಿದಿರೋ ಅದೇ ಪ್ರಶ್ನೆಗಳಿಗೆ, ಅದೇ ಅನುಕ್ರಮದಲ್ಲಿ, ನಿಮ್ಮ ಸರಕು ಉತ್ತರ ಹೇಳಬೇಕು. ಎಷ್ಟು ವಾಟ್-ಗಂಟೆ, ಎಷ್ಟು ಆಳಕ್ಕೆ ಎಷ್ಟು ಸುತ್ತು, ಎಷ್ಟು ಡಿಗ್ರಿಯವರೆಗೆ, ಖಾತರಿ ಎಷ್ಟು ವರ್ಷ, ಖಾತರಿಯಲ್ಲಿ ಏನು ಸೇರಿಲ್ಲ.

ಜೊತೆಗೆ, ಕೊಂಡಮೇಲೆ ತೊಂದರೆ ಎಲ್ಲಿ ಬರುವುದೋ ಅದನ್ನೂ ಅಲ್ಲೇ ಹೇಳಬೇಕು. ಈ ಉದಾಹರಣೆಯಲ್ಲಿ ಆ ತೊಂದರೆ ಬರುವುದು ಹಳೆಯ ಇನ್ವರ್ಟರಿನಿಂದ. ಸೀಸದ ಬ್ಯಾಟರಿಗೆಂದು ಮಾಡಿದ ಇನ್ವರ್ಟರು ಚಾರ್ಜು ಮಾಡುವಾಗ ಆಗಾಗ ವೋಲ್ಟೇಜನ್ನು ಹೆಚ್ಚಿಗೆ ಏರಿಸುವುದುಂಟು. ಸೀಸದ ಫಲಕಗಳಿಗೆ ಅದು ಹಿತ. 12 ವೋಲ್ಟಿನ ದರ್ಜೆಯ ಲಿಥಿಯಂ ಬ್ಯಾಟರಿಗೆ 14.6ರ ಆಸುಪಾಸೇ ಮೇಲಿನ ಎಲ್ಲೆ. ಅದನ್ನು ಮೀರಿದರೆ ಒಳಗಿನ ರಕ್ಷಣಾ ಸರ್ಕಿಟು ಬ್ಯಾಟರಿಯನ್ನು ಕಡಿದುಹಾಕುತ್ತದೆ. ಕಚೇರಿಯವರು ಹೊಸ ಬ್ಯಾಟರಿ ಕೆಟ್ಟಿತೆಂದು ತಿಳಿಯುತ್ತಾರೆ. ಆದ್ದರಿಂದ ಕೊಳ್ಳುವ ಮೊದಲು ಇನ್ವರ್ಟರಿನಲ್ಲಿ ಲಿಥಿಯಮ್ಮಿಗೆ ಬೇರೆ ವ್ಯವಸ್ಥೆ ಇದೆಯೆ ಎಂದು ನೋಡಬೇಕು. ಇಲ್ಲದಿದ್ದರೆ ಇನ್ವರ್ಟರಿನ ಬೆಲೆಯನ್ನೂ 40,000ಕ್ಕೆ ಕೂಡಿಸಬೇಕು, ಆಗ ಗೆರೆ ವಾರಕ್ಕೆ ಐದರಿಂದ ಮೇಲಕ್ಕೆ ಹೋಗುತ್ತದೆ. ಇದನ್ನು ಬಚ್ಚಿಟ್ಟ ಕಂಪನಿ ಮಾರಾಟದಲ್ಲಿ ಗಳಿಸಿದ್ದನ್ನು ದುರಸ್ತಿಯವನ ಓಡಾಟಕ್ಕೆ ಕಳೆಯುತ್ತದೆ.

ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ಮೇಜಿನ ಮೇಲೆ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪತ್ರದ ಕೊನೆಯ ಎರಡು ಪುಟಗಳನ್ನು ಕಿತ್ತು ತೆಗೆಯಿರಿ, ಮೊದಲ ಪುಟದ ಕಂಪನಿಯ ಹೆಸರಿನ ಮೇಲೆ ಕಾಗದ ಹಚ್ಚಿರಿ. ಉಳಿದುದನ್ನು ಆ ವಿಷಯ ತಿಳಿಯದ, ಆದರೆ ಹಣಕ್ಕೆ ಹೊಣೆಯಾದ ಒಬ್ಬರ ಕೈಗೆ ಕೊಟ್ಟು, ಅವರ ಸ್ವಂತ ಕಚೇರಿಗೆ ಯಾವ ಬ್ಯಾಟರಿ ಬೇಕೆಂದು ಕೇಳಿರಿ. ಅವರು ಕಾಗದ ತೆಗೆದುಕೊಂಡು ಭಾರ, ಹೊತ್ತು, ಸಲ ಎಂದು ಬರೆಯಲು ತೊಡಗಿದರೆ ಪತ್ರ ತಿಳಿಸುತ್ತಿದೆ. “ಒಳ್ಳೆಯದು ಎನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದೇನೋ” ಎಂದರೆ ಮತ್ತೆ ತಿದ್ದಬೇಕು.

ಪತ್ರ ಹೊರಬಿದ್ದಮೇಲೆ ಇನ್ನೊಂದು ಗುರುತು ಸಿಕ್ಕುತ್ತದೆ. ಎಷ್ಟು ಪ್ರತಿ ಹೋಯಿತೆಂಬ ಎಣಿಕೆಯಿಂದ ಏನೂ ತಿಳಿಯದು, ತೆಗೆದುಕೊಂಡವರೆಲ್ಲ ಓದುವುದಿಲ್ಲ. ಬರುವ ಪ್ರಶ್ನೆಗಳನ್ನು ಗಮನಿಸಿ. ಮೊದಲು “ನಿಮ್ಮ ಬ್ಯಾಟರಿಗೆ ಎಷ್ಟು, ಕಡಮೆ ಮಾಡುತ್ತೀರಾ?” ಎಂದು ಕೇಳುತ್ತಿದ್ದವರು ಈಗ “ನಮ್ಮಲ್ಲಿ 400 ವಾಟ್, ವಾರಕ್ಕೆ ಆರು ಸಲ, ಕೋಣೆ ಹಂಚಿನ ಮಾಡಿನದು, ಏನು ಹೇಳುತ್ತೀರಿ?” ಎಂದು ಕೇಳಿದರೆ ಪತ್ರ ತನ್ನ ಕೆಲಸ ಮಾಡಿದೆ. ಹಾಗೆ ಕೇಳುವವನಿಗೆ ಉತ್ತರ ಹೇಳಲು ನಿಮ್ಮ ಇಂಜಿನಿಯರಿಗೆ ಹತ್ತು ನಿಮಿಷ ಸಾಕು. ಕೆಲವು ಸಲ ಆ ಉತ್ತರ ‘ನಿಮಗೆ ಸೀಸದ್ದೇ ಸಾಕು’ ಎಂದಿರುತ್ತದೆ. ಅದನ್ನು ಹೇಳುವುದಕ್ಕೂ ಅವರಿಗೆ ಅನುಮತಿ ಇರಬೇಕು. ಇಲ್ಲದಿದ್ದರೆ ಅಚ್ಚಾದ ಪತ್ರವೊಂದು, ಆಡುವ ಮಾತೊಂದು ಆಗುತ್ತದೆ; ಓದುಗನಿಗೆ ಅದು ಬಹಳ ಬೇಗ ತಿಳಿದುಹೋಗುತ್ತದೆ.